ಅಪ್ಪನಿಗೆ ಬೇಡ ಎಂದ ಸಿ.ಟಿ. ಅಮ್ಮನಿಗೆ ಯಾಕೆ ಬೇಕಾಯಿತು?

ಪ್ರಶ್ನೆ: ಜನವರಿಯಲ್ಲಿ ಅಪ್ಪನಿಗೆ ಇದ್ದಕ್ಕಿದ್ದಂತೆ ಉಸಿರು ಕಟ್ಟಿತು. ಅವರಿಗೆ 71 ವರ್ಷ. ಡಿ-ಡೈಮರ್ 680 ಬಂತು, ರಿಪೋರ್ಟಿನಲ್ಲಿ ಜಾಸ್ತಿ ಅಂತ ಗುರುತು ಹಾಕಿದ್ದರು. ಆದರೂ ಡಾಕ್ಟರು ಸಿ.ಟಿ. ಬೇಡ ಅಂದರು. ಈಗ 62 ವರ್ಷದ ಅಮ್ಮನಿಗೆ ಮಂಡಿ ಬದಲಿಸುವ ಆಪರೇಷನ್ ಆಗಿ 16ನೇ ದಿನ ಏದುಸಿರು ಶುರುವಾಯಿತು. ಬೇರೆ ಆಸ್ಪತ್ರೆಗೆ ಹೋದೆವು. ಡಿ-ಡೈಮರ್ ಮಾಡಲೇ ಇಲ್ಲ. ಮೊದಲೇ ಹೊಟ್ಟೆಗೆ ಒಂದು ಇಂಜೆಕ್ಷನ್ ಕೊಟ್ಟು ನೇರವಾಗಿ ಸಿ.ಟಿ.ಗೆ ಕರ್ಕೊಂಡು ಹೋದರು. ದುಡ್ಡಿಗಾಗಿ ಹೀಗೆ ಮಾಡ್ತಾರಾ? ಇಬ್ಬರಲ್ಲಿ ಯಾರು ಸರಿ?

ಉತ್ತರ: ಇಬ್ಬರೂ ಸರಿ. ನಿಮ್ಮ ಸಿಟ್ಟನ್ನು ಪಕ್ಕಕ್ಕಿಟ್ಟು ಓದಿ. ಈ ಪ್ರಶ್ನೆ ನನಗೆ ವಾರಕ್ಕೊಂದು ಸಲವಾದರೂ ಬರುತ್ತದೆ.

ಶ್ವಾಸಕೋಶದ ರಕ್ತನಾಳಕ್ಕೆ ಹೆಪ್ಪು ಬಂದು ಸಿಕ್ಕಿಕೊಂಡಿದೆಯಾ ಅನ್ನುವ ಅನುಮಾನ ಬಂದಾಗ ಮೊದಲ ಪರೀಕ್ಷೆ ಲ್ಯಾಬಿನಲ್ಲಿ ಆಗುವುದಿಲ್ಲ, ರೋಗಿಯ ಮಂಚದ ಪಕ್ಕ ಆಗುತ್ತದೆ. ಅನುಮಾನ ಎಷ್ಟು ಗಟ್ಟಿ ಎಂದು ಡಾಕ್ಟರು ಲೆಕ್ಕ ಹಾಕಬೇಕು. ಅದಕ್ಕೆ ವೆಲ್ಸ್ ಸ್ಕೋರ್ ಎಂಬ ಲೆಕ್ಕವಿದೆ. ಕಾಲಿನ ಆಳದ ನಾಳದಲ್ಲಿ ಹೆಪ್ಪುಗಟ್ಟಿದ ಲಕ್ಷಣವಿದ್ದರೆ 3. ಬೇರೆ ಯಾವ ಕಾಯಿಲೆಗಿಂತಲೂ ಇದೇ ಇರಬೇಕು ಅನ್ನಿಸಿದರೆ 3. ನಾಡಿ ನಿಮಿಷಕ್ಕೆ 100 ದಾಟಿದ್ದರೆ ಒಂದೂವರೆ. 4 ವಾರದೊಳಗೆ ಆಪರೇಷನ್ ಆಗಿದ್ದರೆ ಅಥವಾ 3 ದಿನ ಹಾಸಿಗೆ ಹಿಡಿದಿದ್ದರೆ ಒಂದೂವರೆ. ಹಿಂದೆ ಹೀಗೆ ಹೆಪ್ಪುಗಟ್ಟಿದ್ದರೆ ಒಂದೂವರೆ. ಕಫದಲ್ಲಿ ರಕ್ತ ಬಂದರೆ 1, ಕ್ಯಾನ್ಸರ್ ಇದ್ದರೆ 1. ಒಟ್ಟು 4 ಮೀರಿದರೆ ಅನುಮಾನ ಗಟ್ಟಿ. 4 ಅಥವಾ ಕಡಿಮೆ ಬಂದರೆ ಅಷ್ಟು ಗಟ್ಟಿಯಲ್ಲ.

ಈಗ ನಿಮ್ಮ ಅಪ್ಪ. ನೀವು ಕಳಿಸಿದ ಚೀಟಿಯ ಪ್ರಕಾರ ನಾಡಿ 92. ಕಾಲು ಎರಡೂ ಒಂದೇ ಸಮ. ಆಪರೇಷನ್ ಇಲ್ಲ, ಕ್ಯಾನ್ಸರ್ ಇಲ್ಲ. ಎದೆಯಲ್ಲಿ ಗೊರಗೊರ ಶಬ್ದ ಇತ್ತು, ನೆಬ್ಯುಲೈಜರ್ ಇಟ್ಟ ಮೇಲೆ ಹಗುರಾಯಿತು. ಅಂದರೆ ಬೇರೆ ಕಾರಣವೇ ಎದ್ದು ಕಾಣುತ್ತಿತ್ತು. ಸ್ಕೋರ್ ಸೊನ್ನೆ. ಇಂಥವರಿಗೇ ಡಿ-ಡೈಮರ್ ಇರುವುದು. ಮೈಯಲ್ಲಿ ಹೆಪ್ಪು ಕರಗುವಾಗ ಉದುರುವ ಚೂರುಗಳನ್ನು ಅದು ಅಳೆಯುತ್ತದೆ. ಅನುಮಾನ ಕಡಿಮೆ ಇರುವವರಲ್ಲಿ ಆ ಚೂರುಗಳೂ ಕಡಿಮೆ ಇದ್ದರೆ, ಹೆಪ್ಪು ಇಲ್ಲ ಎಂದು ನಂಬಿ ಸ್ಕ್ಯಾನ್ ಕೈಬಿಡಬಹುದು.

ಆದರೆ 680 ಜಾಸ್ತಿ ಅಲ್ವಾ, 500 ಒಳಗಿರಬೇಕು ಅಂತ ಬರೆದಿದೆ ಅಲ್ವಾ ಎಂದು ಕೇಳುತ್ತೀರಿ. ಆ 500 ಎಲ್ಲ ವಯಸ್ಸಿಗೂ ಸೇರಿಸಿ ಅಚ್ಚು ಹಾಕಿದ್ದು. ವಯಸ್ಸಾದಂತೆ ಡಿ-ಡೈಮರ್ ತಾನಾಗಿಯೇ ಏರುತ್ತದೆ. 50 ದಾಟಿದವರಿಗೆ ವಯಸ್ಸನ್ನು 10ರಿಂದ ಗುಣಿಸಿ ಮಿತಿ ಹಾಕುತ್ತೇವೆ. ಯುರೋಪಿನ ನಾಲ್ಕು ದೇಶಗಳಲ್ಲಿ 3 ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ಇದನ್ನು ಪರೀಕ್ಷಿಸಿ 2014ರಲ್ಲಿ ಫಲಿತಾಂಶ ಪ್ರಕಟಿಸಿದ್ದಾರೆ. ಹೀಗೆ ಸ್ಕ್ಯಾನ್ ಇಲ್ಲದೆ ಮನೆಗೆ ಹೋದವರಲ್ಲಿ, ಮುಂದಿನ 3 ತಿಂಗಳಲ್ಲಿ ಹೆಪ್ಪು ಕಾಣಿಸಿಕೊಂಡಿದ್ದು ನೂರಕ್ಕೆ ಒಬ್ಬರಿಗಿಂತಲೂ ಕಡಿಮೆ. ನಿಮ್ಮ ಅಪ್ಪನ ಮಿತಿ 710. ಬಂದಿದ್ದು 680. ಡಾಕ್ಟರು ಸುಮ್ನೆ ಬಿಟ್ಟಿದ್ದಲ್ಲ, ಲೆಕ್ಕ ಹಾಕಿ ಬಿಟ್ಟಿದ್ದು.

ಒಂದು ಎಚ್ಚರಿಕೆ ಹೇಳಲೇಬೇಕು. ಈ ಲೆಕ್ಕ ಎಫ್‌ಇಯು ಎಂಬ ಅಳತೆಗೆ ಮಾತ್ರ. ನಿಮ್ಮ ರಿಪೋರ್ಟಿನಲ್ಲಿ ಸಂಖ್ಯೆಯ ಪಕ್ಕ ಸಣ್ಣಗೆ ಅದೇ ಬರೆದಿದೆ. ಕೆಲವು ಲ್ಯಾಬುಗಳು ಡಿಡಿಯು ಎಂಬ ಇನ್ನೊಂದು ಅಳತೆಯಲ್ಲಿ ಕೊಡುತ್ತವೆ. ಅಲ್ಲಿನ 680 ಅಂದರೆ ಇಲ್ಲಿನ ಸುಮಾರು 1,360. ಆಗ ಇದೇ ಅಪ್ಪನಿಗೆ ಸಿ.ಟಿ. ಬೇಕಾಗುತ್ತಿತ್ತು. ಫೋನಿನಲ್ಲಿ ಬರೀ ಸಂಖ್ಯೆ ಹೇಳಿ ಸಲಹೆ ಕೇಳುವವರಿಗೆ ನಾನು ಉತ್ತರ ಕೊಡದಿರುವುದು ಇದಕ್ಕೇ.

ಈಗ ಅಮ್ಮ. ಆಪರೇಷನ್ ಆಗಿ 16 ದಿನ, ಒಂದೂವರೆ. ನಾಡಿ 112, ಒಂದೂವರೆ. ಇದೇ ಇರಬೇಕು ಎಂದು ಡಾಕ್ಟರಿಗೆ ಬಲವಾಗಿ ಅನ್ನಿಸಿದೆ, 3. ಅಷ್ಟಕ್ಕೇ 6 ಆಯಿತು. ಆಪರೇಷನ್ ಆದ ಕಾಲಿನ ಮೀನಖಂಡ ಇನ್ನೊಂದು ಕಾಲಿಗಿಂತ 3 ಸೆಂಟಿಮೀಟರ್ ದಪ್ಪ, ಹಿಂಬದಿ ಒತ್ತಿದರೆ ನೋವು ಎಂದೂ ಬರೆದಿದ್ದಾರೆ. ಮಂಡಿ ಬದಲಿಸಿದ ಕಾಲು ಊದುವುದು ಮಾಮೂಲಿ, ಆ 3 ಅಂಕ ಬಿಟ್ಟುಬಿಡಿ ಎಂದು ಯಾರಾದರೂ ವಾದಿಸಬಹುದು. ಬಿಟ್ಟರೂ 4 ದಾಟಿಯೇ ಇದೆ.

ಇಲ್ಲಿ ಡಿ-ಡೈಮರ್ ಮಾಡಿ ಏನು ಪ್ರಯೋಜನ? ಇಷ್ಟು ದೊಡ್ಡ ಆಪರೇಷನ್ ಆದ ಮೇಲೆ ಅದು ವಾರಗಟ್ಟಲೆ ಜಾಸ್ತಿಯೇ ಇರುತ್ತದೆ. ಜಾಸ್ತಿ ಬಂದರೆ ಹೊಸದಾಗಿ ಏನೂ ತಿಳಿಯುವುದಿಲ್ಲ. ಅಕಸ್ಮಾತ್ ಕಡಿಮೆ ಬಂದರೂ ಇಷ್ಟು ಗಟ್ಟಿ ಅನುಮಾನ ಇರುವಾಗ ಅದನ್ನು ನಂಬುವ ಹಾಗಿಲ್ಲ. ಎರಡು ದಾರಿಯೂ ಸಿ.ಟಿ.ಗೇ ಹೋಗುತ್ತವೆ. ನಡುವೆ ಹೊತ್ತು ಹಾಳು. ನನ್ನ ವೃತ್ತಿಯ ಮೊದಲ ವರ್ಷಗಳಲ್ಲಿ, ಕಾಲಿಗೆ ಪ್ಲಾಸ್ಟರ್ ಹಾಕಿದ್ದ ಒಬ್ಬ ಹುಡುಗನಿಗೆ ಹೀಗೇ ಡಿ-ಡೈಮರ್ ಬರೆದು ಕಾಯುತ್ತಾ ಕುಳಿತೆ. ರಿಪೋರ್ಟ್ ಬರಲು ಎರಡು ಗಂಟೆ ಹಿಡಿಯಿತು. ಅಷ್ಟರಲ್ಲಿ ಅವನ ಬಿ.ಪಿ. 84ಕ್ಕೆ ಇಳಿದಿತ್ತು. ಬದುಕಿದ. ಆ ಎರಡು ಗಂಟೆಯನ್ನು ನಾನು ಮರೆತಿಲ್ಲ. ಆಮೇಲೆ ಗಟ್ಟಿ ಅನುಮಾನದ ರೋಗಿಗೆ ಆ ಪರೀಕ್ಷೆಯನ್ನು ಬರೆದೂ ಇಲ್ಲ.

ಹೊಟ್ಟೆಗೆ ಕೊಟ್ಟ ಇಂಜೆಕ್ಷನ್ ಬಗ್ಗೆ ನಿಮಗೆ ಜಾಸ್ತಿ ಸಂಶಯ. ಅದು ಎನಾಕ್ಸಪರಿನ್, ಹೆಪ್ಪು ಬೆಳೆಯದಂತೆ ತಡೆಯುವ ಔಷಧ. ಒಂದು ಕಿಲೋ ತೂಕಕ್ಕೆ ಒಂದು ಮಿಲಿಗ್ರಾಂ ಲೆಕ್ಕ. ಅಮ್ಮನ ತೂಕ 61 ಕಿಲೋ, ಕೊಟ್ಟಿದ್ದು 60 ಮಿಲಿಗ್ರಾಂ. ಅನುಮಾನ ಗಟ್ಟಿ ಇದ್ದು ರಕ್ತಸ್ರಾವದ ಭಯ ಕಡಿಮೆ ಇದ್ದರೆ ಸ್ಕ್ಯಾನಿಗೆ ಕಾಯದೆ ಮೊದಲ ಡೋಸ್ ಕೊಡಬೇಕು. ಕೊಡುವ ಮುಂಚೆ ಮಂಡಿ ಆಪರೇಷನ್ ಮಾಡಿದ ಸರ್ಜನ್‌ಗೆ ಫೋನ್ ಮಾಡಿ ಕೇಳಿದ್ದಾರೆ ಎಂದು ಕೇಸ್ ಶೀಟಿನಲ್ಲಿದೆ. ಅಷ್ಟು ಕಾಳಜಿ ಮಾಡಿದವರನ್ನು ದುಡ್ಡಿಗಾಗಿ ಮಾಡಿದರು ಅನ್ನಬೇಡಿ.

ಸಿ.ಟಿ. ಬಗ್ಗೆಯೂ ಒಂದು ಗೊಂದಲ ತಿಳಿಯಾಗಲಿ. ಕೋವಿಡ್ ಬಂದಾಗಿನಿಂದ ಎದೆಯ ಸ್ಕ್ಯಾನ್ ಅಂದರೆ ಜನಕ್ಕೆ ಎಚ್‌ಆರ್‌ಸಿಟಿ ಮಾತ್ರ ಗೊತ್ತು. ಅದನ್ನು ಕೈಯಲ್ಲಿ ಹಿಡಿದುಕೊಂಡು ಬಂದು ಹೆಪ್ಪು ಇಲ್ಲ ಅಂತ ಬಂದಿದೆ ಡಾಕ್ಟ್ರೇ ಅನ್ನುತ್ತಾರೆ. ಡೈ ಕೊಡದೆ ತೆಗೆದ ಆ ಸ್ಕ್ಯಾನ್ ಹೆಪ್ಪು ಇಲ್ಲ ಎಂದು ಹೇಳಲಾರದು. ರಕ್ತ, ಹೆಪ್ಪು ಎರಡೂ ಅದರಲ್ಲಿ ಹೆಚ್ಚುಕಡಿಮೆ ಒಂದೇ ಬೂದು ಬಣ್ಣ. ಬೇಕಾಗಿರುವುದು ಸಿ.ಟಿ. ಪಲ್ಮನರಿ ಆಂಜಿಯೋಗ್ರಫಿ. ಮೊಣಕೈ ಮಡಿಕೆಯ ನಾಳಕ್ಕೆ ದಪ್ಪ ಸೂಜಿ ಹಾಕಿ, ಅಯೋಡಿನ್ ಇರುವ ಡೈಯನ್ನು ಯಂತ್ರದಿಂದ ವೇಗವಾಗಿ ತಳ್ಳುತ್ತಾರೆ. ಮೈಯೆಲ್ಲ ಬಿಸಿಯಾಗುತ್ತದೆ. ಉಚ್ಚೆ ಹೋದ ಹಾಗೆ ಅನ್ನಿಸುತ್ತದೆ, ಹೋಗಿರುವುದಿಲ್ಲ. ಡೈ ಶ್ವಾಸಕೋಶದ ನಾಳ ತುಂಬುವ ಆ ಕೆಲವು ಸೆಕೆಂಡಿನಲ್ಲಿ ಚಿತ್ರ ತೆಗೆಯಬೇಕು. ನಾಳ ಬೆಳ್ಳಗೆ ಹೊಳೆಯುತ್ತದೆ, ಹೆಪ್ಪು ಅದರೊಳಗೆ ಕಪ್ಪಾಗಿ ಕೂತಿರುತ್ತದೆ. ಹೊತ್ತು ತಪ್ಪಿದರೆ, ರೋಗಿ ಉಸಿರು ಬಿಟ್ಟು ಅಲುಗಾಡಿದರೆ ಚಿತ್ರ ಕೆಡುತ್ತದೆ. ಅಂಥ ರಿಪೋರ್ಟಿನಲ್ಲಿ ಹೆಪ್ಪು ಕಾಣಲಿಲ್ಲ ಎಂದಿದ್ದರೆ, ಚಿತ್ರ ಸ್ಪಷ್ಟವಾಗಿತ್ತಾ ಎಂದು ರೇಡಿಯಾಲಜಿಸ್ಟ್ ಹತ್ತಿರ ಕೇಳಿಯೇ ನಾನು ಮುಂದೆ ಹೋಗುವುದು.

ಕಿಡ್ನಿ ತೀರಾ ಕೆಟ್ಟಿದ್ದರೆ, ಡೈಗೆ ಹಿಂದೆ ಜೋರಾದ ಅಲರ್ಜಿ ಆಗಿದ್ದರೆ ಕಾಲಿನ ನಾಳದಲ್ಲಿ ರಕ್ತದ ಹರಿವು ನೋಡುವ ಡಾಪ್ಲರ್ ಮತ್ತು ಶ್ವಾಸಕೋಶದಲ್ಲಿ ಗಾಳಿ, ರಕ್ತ ಎರಡೂ ಎಲ್ಲೆಲ್ಲಿ ತಲುಪುತ್ತಿವೆ ಎಂದು ಹೋಲಿಸುವ ವಿ-ಕ್ಯೂ ಸ್ಕ್ಯಾನ್ ದಾರಿ ಹಿಡಿಯಬಹುದು. ಬಿ.ಪಿ. ಕುಸಿದ ರೋಗಿಯನ್ನು ಮಾತ್ರ ಸಿ.ಟಿ. ಕೋಣೆಗೆ ಎಳೆದಾಡುವುದು ಅಪಾಯ. ಮಂಚದ ಪಕ್ಕದಲ್ಲೇ ಎಕೋ ಮಾಡಿ, ಹೃದಯದ ಬಲಭಾಗ ಊದಿಕೊಂಡು ಸೋತಿದೆಯಾ ನೋಡಿ, ಹೆಪ್ಪು ಕರಗಿಸುವ ಔಷಧದ ತೀರ್ಮಾನ ಅಲ್ಲೇ ಮಾಡಬೇಕಾಗುತ್ತದೆ. ಅಮ್ಮನ ಬಿ.ಪಿ. 118 ಇತ್ತು. ಹಾಗಾಗಿ ಸಿ.ಟಿ. ಮಾಡಲು ಸಮಯ ಸಿಕ್ಕಿತು, ಬಲಗಡೆಯ ನಾಳದಲ್ಲಿ ಹೆಪ್ಪು ಕಾಣಿಸಿತು.

ಈಗ ನಡೆದಿರುವ ಮಾತ್ರೆ ಕಡಿಮೆ ಅಂದರೂ 3 ತಿಂಗಳು. ಉಸಿರು ಸರಾಗವಾಯಿತು ಅಂತ ನಡುವೆ ನೀವೇ ನಿಲ್ಲಿಸಬೇಡಿ.

ಪ್ರಶ್ನೆ: ಏದುಸಿರು ಬರುತ್ತಿದೆ, ಆದರೆ ಬೆರಳಿಗೆ ಹಾಕುವ ಆಕ್ಸಿಮೀಟರ್ 97 ತೋರಿಸುತ್ತದೆ. ಇಸಿಜಿ, ಎಕ್ಸ್-ರೇ ನಾರ್ಮಲ್. ಹಾಗಾದರೆ ಹೆಪ್ಪು ಇಲ್ಲ ಅಂತ ತಾನೆ?

ಉತ್ತರ: ಅಲ್ಲ. ಈ ಮೂರೂ ನಾರ್ಮಲ್ ಇದ್ದು ಹೆಪ್ಪು ಇದ್ದವರನ್ನು ನೋಡಿದ್ದೇನೆ. ಇವತ್ತೇ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಹೆಲ್ತ್ ಚೆಕಪ್ ಪ್ಯಾಕೇಜಿನಲ್ಲಿ ಡಿ-ಡೈಮರ್ 900 ಬಂದಿದೆ. ನನಗೆ ಯಾವ ತೊಂದರೆಯೂ ಇಲ್ಲ. ಸಿ.ಟಿ. ಮಾಡಿಸಲಾ?

ಉತ್ತರ: ಬೇಡ. ತೊಂದರೆ ಇಲ್ಲದವರಿಗೆ ಈ ಪರೀಕ್ಷೆಯನ್ನು ಪ್ಯಾಕೇಜಿಗೆ ಸೇರಿಸುವುದೇ ತಪ್ಪು.

ಪ್ರಶ್ನೆ: ನಾನು 7 ತಿಂಗಳ ಗರ್ಭಿಣಿ. ಉಸಿರಾಟದ ತೊಂದರೆಗೆ ಸಿ.ಟಿ. ಬೇಕು ಅಂದಿದ್ದಾರೆ. ಮಗುವಿಗೆ ಏನಾದರೂ ಆಗುತ್ತಾ ಅಂತ ಅತ್ತೆ ಬೇಡ ಅನ್ನುತ್ತಿದ್ದಾರೆ.

ಉತ್ತರ: ನಿಮ್ಮ ಅತ್ತೆಯವರ ಭಯ ನನಗೆ ಅರ್ಥವಾಗುತ್ತದೆ. ಆದರೆ ಎದೆಯ ಸ್ಕ್ಯಾನಿನಿಂದ ಹೊಟ್ಟೆಯಲ್ಲಿರುವ ಮಗುವಿಗೆ ತಲುಪುವ ವಿಕಿರಣ ಬಹಳ ಕಡಿಮೆ. ಹೆಪ್ಪು ಇದ್ದು ಬಿಟ್ಟುಬಿಟ್ಟರೆ ತಾಯಿ, ಮಗು ಇಬ್ಬರಿಗೂ ಅಪಾಯ. ಕಾಲು ಊದಿದ್ದರೆ ಮೊದಲು ಡಾಪ್ಲರ್ ಮಾಡಿ ಎಂದು ಕೇಳಿ. ಅಲ್ಲಿ ಆಳದ ನಾಳದಲ್ಲಿ ಹೆಪ್ಪು ಸಿಕ್ಕಿದರೆ ಚಿಕಿತ್ಸೆ ಅದೇ, ಸಾಮಾನ್ಯವಾಗಿ ಸಿ.ಟಿ. ಬೇಕಾಗುವುದಿಲ್ಲ.

ಪ್ರಶ್ನೆ: ಮೀನಖಂಡ ಊದಿ ಗಟ್ಟಿಯಾಗಿದೆ. ನಮ್ಮೂರಿನಲ್ಲಿ ನಾಟಿ ವೈದ್ಯರೊಬ್ಬರು ಎಣ್ಣೆ ಹಾಕಿ ತಿಕ್ಕಿ ಸರಿ ಮಾಡುತ್ತಾರೆ. ಜೊತೆಗೆ ಬೆಳ್ಳುಳ್ಳಿ, ಶುಂಠಿ, ನಿಂಬೆರಸದ ಕಷಾಯ ಕುಡಿದರೆ ಹೆಪ್ಪು ಕರಗುತ್ತದಂತೆ. ಮಾಡಿಸಬಹುದಾ?

ಉತ್ತರ: ಮುಟ್ಟಿಸಲೇಬೇಡಿ. ಕಾಲಿನಲ್ಲಿ ಹೆಪ್ಪು ಇದ್ದರೆ, ತಿಕ್ಕಿದಾಗ ಅದು ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋಗಬಹುದು. ತಿಕ್ಕಿಸಿಕೊಂಡ ರಾತ್ರಿಯೇ ಕುತ್ತಿಗೆಯ ನಾಳ ಉಬ್ಬಿ, ಬೆವರಿ, ಮಾತಾಡಲಾಗದೆ ಬಂದ ಹೆಂಗಸೊಬ್ಬರನ್ನು ನಾವು ಉಳಿಸಿಕೊಳ್ಳಲಾಗಲಿಲ್ಲ. ಅವರ ಕಾಲಿನಲ್ಲಿ ಎಣ್ಣೆಯ ವಾಸನೆ ಇನ್ನೂ ಇತ್ತು. ಕಷಾಯ ಯಾವ ಹೆಪ್ಪನ್ನೂ ಕರಗಿಸುವುದಿಲ್ಲ. ಇವತ್ತೇ ಡಾಪ್ಲರ್ ಮಾಡಿಸಿ. ಹೋಗುವ ದಾರಿಯಲ್ಲಿ ಉಸಿರು ಕಟ್ಟಿದರೆ ಡಾಪ್ಲರ್ ಸೆಂಟರ್ ಹುಡುಕಬೇಡಿ, 108ಕ್ಕೆ ಫೋನ್ ಮಾಡಿ, ತುರ್ತು ಚಿಕಿತ್ಸೆ ಇರುವ ಆಸ್ಪತ್ರೆಗೆ ನೇರವಾಗಿ ಹೋಗಿ.