ಪಿಂಚಣಿ, ಠೇವಣಿ ಬಡ್ಡಿ ಮತ್ತು 15ಎಚ್ ನಮೂನೆ

ಪ್ರಶ್ನೆ: ನಾವು ಧಾರವಾಡದ ನಿವೃತ್ತ ದಂಪತಿ, ಇಬ್ಬರಿಗೂ 60 ದಾಟಿದೆ. 2025-26ರಲ್ಲಿ ನನ್ನ ಪಿಂಚಣಿ 7.20 ಲಕ್ಷ, ಠೇವಣಿ ಬಡ್ಡಿ 3.60 ಲಕ್ಷ. ಠೇವಣಿಯನ್ನು ಹೆಂಡತಿಯ ಹೆಸರಿಗೆ ಮಾಡಿದರೆ ತೆರಿಗೆ ಉಳಿಯುವುದೇ?

ಉತ್ತರ: ಉಳಿಯುವುದಿಲ್ಲ. ನೀವು ಕೊಟ್ಟ ಹಣಕ್ಕೆ ಬರುವ ಬಡ್ಡಿ ಅವರ ಖಾತೆಗೆ ಜಮೆಯಾದರೂ, ಕಾಯ್ದೆ ಅದನ್ನು ನಿಮ್ಮ ಆದಾಯಕ್ಕೇ ಸೇರಿಸುತ್ತದೆ. ಅವರ ಸ್ವಂತ ಹಣವಾಗಿದ್ದರೆ ಮಾತ್ರ ಬೇರೆ.

ನಿಮಗೆ ಅದರ ಅಗತ್ಯವೂ ಇಲ್ಲ. ಹೊಸ ಪದ್ಧತಿಯಲ್ಲಿ ಪಿಂಚಣಿಯಿಂದ 75,000 ಕಳೆದರೆ ಒಟ್ಟು ಆದಾಯ 10.05 ಲಕ್ಷವಾಗುತ್ತದೆ, 12 ಲಕ್ಷದವರೆಗಿನ ರಿಯಾಯಿತಿಯಿಂದಾಗಿ ತೆರಿಗೆ ಶೂನ್ಯ. ಹಳೆಯ ಪದ್ಧತಿಯ 50,000 ಬಡ್ಡಿ ವಿನಾಯಿತಿ ಇಲ್ಲಿ ಸಿಗದಿದ್ದರೂ ನಷ್ಟವಿಲ್ಲ.

ನಿಜವಾದ ತೊಡಕು ಬ್ಯಾಂಕಿನಲ್ಲಿದೆ: ಒಂದೇ ಬ್ಯಾಂಕಿನ ಬಡ್ಡಿ ವರ್ಷಕ್ಕೆ 1 ಲಕ್ಷ ಮೀರಿದರೆ ಶೇ. 10 ತೆರಿಗೆ ಕಡಿತವಾಗಿ, ನಿಮ್ಮ 36,000 ರೂಪಾಯಿ ರಿಟರ್ನ್ ಸಲ್ಲಿಸುವವರೆಗೆ ಸಿಲುಕಿಕೊಳ್ಳುತ್ತದೆ. ಆದ್ದರಿಂದ ನಿಮಗೆ ತೆರಿಗೆ ಬರುವುದಿಲ್ಲ, ಕಡಿತ ಬೇಡ ಎಂದು ಬ್ಯಾಂಕಿಗೆ ತಿಳಿಸುವ 15ಎಚ್ ನಮೂನೆಯನ್ನು ಏಪ್ರಿಲ್‌ನಲ್ಲೇ ಕೊಡಬೇಕಿತ್ತು; ಈಗಾಗಲೇ ಕಡಿತವಾಗಿದ್ದರೆ ರಿಟರ್ನ್ ಮೂಲಕ ಮರಳಿ ಪಡೆಯಿರಿ.