ಎತ್ತಿದ ಚಕ್ರ ತಿರುಗುತ್ತೆ, ಏರಿನಲ್ಲಿ ಗಾಡಿ ಅದುರುತ್ತೆ

"ರಾಯಚೂರಲ್ಲಿ ಇ-ಸ್ಕೂಟರ್ ಓಡಿಸ್ತೀನಿ. ಏರಿನಲ್ಲಿ ನಿಂತರೆ ಗಡಗಡ ಅಂತ ಅದುರುತ್ತೆ, ತಳ್ಳಿದರೆ ಓಡುತ್ತೆ. ಮೋಟರ್‌ಗೆ ಮೂರು ದಪ್ಪ ವೈರ್ ಸಾಲದಾ, ಆ ಐದು ಸಣ್ಣ ವೈರ್ ಯಾಕೆ?"

ಸರ್, ಬ್ರಷ್ ಇರೋ ಮೋಟರ್‌ನಲ್ಲಿ ಯಾವ ಸುರುಳಿಗೆ ಕರೆಂಟ್ ಹೋಗಬೇಕು ಅನ್ನೋದನ್ನು ಬ್ರಷ್ ತಾನೇ ಬದಲಿಸುತ್ತದೆ. ನಿಮ್ಮದರಲ್ಲಿ ಆ ಕೆಲಸ ಕಂಟ್ರೋಲರ್‌ದು. ಅಯಸ್ಕಾಂತ ಎಲ್ಲಿದೆ ಅಂತ ಗೊತ್ತಿಲ್ಲದಿದ್ದರೆ ಅದು ತಪ್ಪು ಸುರುಳಿಗೆ ಕರೆಂಟ್ ಕೊಟ್ಟು ಚಕ್ರವನ್ನು ಹಿಂದಕ್ಕೂ ಎಳೆಯಬಹುದು. ಚಕ್ರದೊಳಗೇ ಕೂರುವ, 46 ಅಯಸ್ಕಾಂತದ ಹಬ್ ಮೋಟರ್ ಆದರೆ ಚಕ್ರ ಬರೀ 2.6 ಡಿಗ್ರಿ ತಿರುಗಿದಾಗೆಲ್ಲ ಸುರುಳಿ ಬದಲಾಗಬೇಕು. ಅದಕ್ಕೇ ಅಯಸ್ಕಾಂತ ಎಲ್ಲಿದೆ ಅಂತ ಗುರುತಿಸುವ ಮೂರು ಹಾಲ್ ಸೆನ್ಸರ್. ಐದರಲ್ಲಿ ಎರಡು ವೈರ್ ಅವುಗಳ ಕರೆಂಟಿಗೆ, ಮೂರು ಸಿಗ್ನಲ್‌ಗೆ.

ಸೆನ್ಸರ್ ಇಲ್ಲದೆಯೂ ಓಡಿಸಬಹುದು. ಮೂರು ದಪ್ಪ ವೈರ್‌ಗಳಲ್ಲಿ ಆ ಕ್ಷಣಕ್ಕೆ ಖಾಲಿ ಇರುವುದರಲ್ಲಿ, ತಿರುಗುವ ಅಯಸ್ಕಾಂತದಿಂದ ವೋಲ್ಟೇಜ್ ಹುಟ್ಟುತ್ತದೆ. ಅದನ್ನು ನೋಡಿ ಕಂಟ್ರೋಲರ್ ಜಾಗ ಅಂದಾಜು ಮಾಡುತ್ತದೆ. ಆದರೆ ನಿಂತ ಚಕ್ರದಲ್ಲಿ ಆ ವೋಲ್ಟೇಜ್ ಸೊನ್ನೆ, ಅಲ್ವಾ? ಡ್ರೋನ್‌ನಲ್ಲಾದರೆ ರೆಕ್ಕೆ ಹಗುರ, ಕಂಟ್ರೋಲರ್ ಕುರುಡಾಗಿ ತಿರುಗಿಸಿದರೂ ಜೊತೆಗೇ ತಿರುಗುತ್ತದೆ. ಇಬ್ಬರು ಕೂತ ಗಾಡಿ ಏರಿನಲ್ಲಿ ಹಾಗೆ ಬರಲ್ಲ, ಅದುರುತ್ತದೆ. ನೀವು ತಳ್ಳಿದಾಗ ಆ ವೋಲ್ಟೇಜ್ ಸಿಗುತ್ತದೆ. ಹಾಗಾಗಿ ನನಗೆ ಹಾಲ್ ಸೆನ್ಸರ್ ಮೇಲೇ ಅನುಮಾನ.

ಚಕ್ರ ನೆಲದಿಂದ ಮೇಲಿರುವಂತೆ ಗಾಡಿಗೆ ಡಬಲ್ ಸ್ಟ್ಯಾಂಡ್ ಹಾಕಿ ಕೀ ಆನ್ ಮಾಡಿ. ಆಕ್ಸಿಲರೇಟರ್ ಮುಟ್ಟಬೇಡಿ. ಆ ಸಣ್ಣ ವೈರ್‌ಗಳ ಕನೆಕ್ಟರ್ ಬಿಚ್ಚದೆ, ಅದರ ಹಿಂದಿನಿಂದ ಮಲ್ಟಿಮೀಟರ್ ಕಡ್ಡಿ ತಾಗಿಸಿ ಚಕ್ರವನ್ನು ಕೈಯಲ್ಲಿ ನಿಧಾನಕ್ಕೆ ತಿರುಗಿಸಿ. ಪ್ರತಿ ಸಿಗ್ನಲ್ ವೈರ್ ಸೊನ್ನೆಗೂ ಸುಮಾರು 5 ವೋಲ್ಟ್‌ಗೂ ಜಿಗಿಯುತ್ತಿರಬೇಕು. ಒಂದು ಮಾತ್ರ ಜಿಗಿಯದೆ ನಿಂತಿದ್ದರೆ ಆ ಸೆನ್ಸರ್ ಹೋಗಿದೆ, ಇಲ್ಲವೇ ವೈರ್ ತುಂಡಾಗಿದೆ. ಮೊದಲು ಆಕ್ಸಲ್ ಹತ್ತಿರ ವೈರ್ ಬಾಗುವ ಜಾಗ ನೋಡಿ, ಸುಮ್ನೆ ಮೋಟರ್ ಬಿಚ್ಚಿಸಬೇಡಿ.