ಅಕ್ಕ ತಂಗಿಯರ ಎರಡು ಎಎನ್ಎ ವರದಿಗಳು: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಯಸ್ಸು, ಊರು ಮತ್ತು ಮನೆಯ ವಿವರಗಳನ್ನು ಬದಲಿಸಲಾಗಿದೆ.)

ಮೂಡಿಗೆರೆ ಕಡೆಯ ಸಣ್ಣ ಕಾಫಿ ಬೆಳೆಗಾರರ ಮನೆತನದ ಇಬ್ಬರು ಸಹೋದರಿಯರು ಜನವರಿಯಲ್ಲಿ ಚಿಕ್ಕಮಗಳೂರಿನ ನಮ್ಮ ಆಪ್ತಸಲಹಾ ಕೊಠಡಿಗೆ ಬಂದರು. ತಂಗಿಯನ್ನು ಇಲ್ಲಿ ‘ಸ’ ಎಂದೂ ಅಕ್ಕನನ್ನು ‘ಕ’ ಎಂದೂ ಕರೆಯುತ್ತೇನೆ. 28 ವರ್ಷದ ಸ ಅವರಿಗೆ ಮೈಕೈ ನೋವೆಂದು ಮಾಡಿಸಿದ ರಕ್ತಪರೀಕ್ಷೆಯಲ್ಲಿ ‘ಎಎನ್ಎ ಪಾಸಿಟಿವ್, ಸ್ಪೆಕಲ್ಡ್, 1:80’ ಎಂದು ಬಂದಿತ್ತು. ಎಎನ್ಎ ಎಂದರೆ ನಮ್ಮದೇ ಜೀವಕೋಶಗಳ ಕೇಂದ್ರದ ವಿರುದ್ಧ ದೇಹ ತಯಾರಿಸುವ ಪ್ರತಿಕಾಯಗಳು. ಮೊಬೈಲಿನಲ್ಲಿ ಹುಡುಕಿದಾಗ ಮೊದಲು ಕಂಡದ್ದು, ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಅಂಗಗಳ ಮೇಲೆ ತಿರುಗಿಬೀಳುವ ಲೂಪಸ್ ಎಂಬ ಕಾಯಿಲೆಯ ಹೆಸರು. ಅಂದಿನಿಂದ ಅವರಿಗೆ ನಿದ್ದೆಯಿಲ್ಲ, ಗಂಡನ ಮನೆಯವರಿಗೆ ವರದಿ ತೋರಿಸುವ ಧೈರ್ಯವೂ ಇಲ್ಲ. ಅಕ್ಕ ಜೊತೆಗೆಂದು ಬಂದವರು. ಆದರೆ ಅವರ ಬೆರಳುಗಳನ್ನು ಗಮನಿಸಿದ ಫಿಸಿಷಿಯನ್ ಅವರ ರಕ್ತವನ್ನೂ ಪರೀಕ್ಷೆಗೆ ಕಳುಹಿಸಿದ್ದರು. ಆ ವರದಿಯಲ್ಲಿ ‘ಸೆಂಟ್ರೋಮಿಯರ್, 1:640’ ಎಂದಿತ್ತು.

“ನನಗೇನಾಗಿದೆ ಮೇಡಂ, ಚಳಿಗೆ ಕೈ ಬೆಳ್ಳಗಾಗುತ್ತೆ, ಅಷ್ಟೆ. ಮೊದಲು ಇವಳ ಪೇಪರ್ ನೋಡಿ,” ಎಂದರು 44 ವರ್ಷದ ಕ.

ಇಬ್ಬರ ಆತಂಕವೂ ತಪ್ಪು ಕಾಗದದ ಮೇಲೆ ನಿಂತಿತ್ತು. ಅದನ್ನು ಸರಿಪಡಿಸಬೇಕಾದರೆ ಪರೀಕ್ಷೆ ಹೇಗೆ ನಡೆಯುತ್ತದೆ ಎಂಬುದನ್ನು ಹೇಳದೆ ವಿಧಿಯಿರಲಿಲ್ಲ. ಗಾಜಿನ ಸ್ಲೈಡಿನ ಮೇಲೆ ಹೆಪ್-2 ಎಂಬ ಮಾನವ ಜೀವಕೋಶಗಳನ್ನು ಬೆಳೆಸಿರುತ್ತಾರೆ. ರೋಗಿಯ ಸೀರಮ್ಮನ್ನು ತೆಳುವಾಗಿಸಿ ಅದರ ಮೇಲೆ ಹಾಕಿದಾಗ, ಕೋಶಕೇಂದ್ರದ ಯಾವುದಾದರೂ ಭಾಗಕ್ಕೆ ವಿರುದ್ಧವಾದ ಪ್ರತಿಕಾಯ ಅದರಲ್ಲಿದ್ದರೆ ಆ ಭಾಗಕ್ಕೆ ಹೋಗಿ ಅಂಟಿಕೊಳ್ಳುತ್ತದೆ. ಹಸಿರಾಗಿ ಹೊಳೆಯುವ ಬಣ್ಣವನ್ನು ಹೊತ್ತ ಇನ್ನೊಂದು ಪ್ರತಿಕಾಯ ಅದನ್ನು ಹಿಡಿದುಕೊಳ್ಳುವುದರಿಂದ ಫ್ಲೋರೆಸೆನ್ಸ್ ಸೂಕ್ಷ್ಮದರ್ಶಕದಲ್ಲಿ ಅಂಟಿದ ಜಾಗ ಕಾಣುತ್ತದೆ. 1:80 ಎಂದರೆ ಸೀರಮ್ಮನ್ನು ಎಂಬತ್ತು ಪಾಲಿಗೆ ತೆಳುವಾಗಿಸಿದರೂ ಹೊಳಪು ಉಳಿದಿತ್ತು ಎಂದು ಅರ್ಥ. 1:640ರಲ್ಲಿ ಆರುನೂರ ನಲವತ್ತು ಪಾಲಿಗೆ ತೆಳುವಾಗಿಸಿದ ಮೇಲೂ ಉಳಿದಿತ್ತು. ಸಂಖ್ಯೆ ದೊಡ್ಡದಾದಷ್ಟೂ ಪ್ರತಿಕಾಯ ಹೆಚ್ಚು.

ಹೊಳಪಿನ ವಿನ್ಯಾಸವನ್ನು ಓದುವಾಗ ತಂತ್ರಜ್ಞರು ಸಾಮಾನ್ಯ ಕೋಶಗಳ ಜೊತೆಗೆ, ವಿಭಜನೆಯಾಗುತ್ತಿರುವ ಕೋಶಗಳನ್ನೂ ಹುಡುಕಿ ನೋಡುತ್ತಾರೆ. ನಿಜವಾದ ಸುಳಿವು ಅಲ್ಲಿರುತ್ತದೆ. ಹೋಮೋಜೀನಿಯಸ್ ವಿನ್ಯಾಸದಲ್ಲಿ ಕೋಶಕೇಂದ್ರವಿಡೀ ಒಂದೇ ಸಮನೆ ಹೊಳೆಯುತ್ತದೆ, ವಿಭಜನೆಯ ಹಂತದಲ್ಲಿ ಒಟ್ಟುಗೂಡಿದ ಕ್ರೋಮೋಸೋಮುಗಳೂ ಹೊಳೆಯುತ್ತವೆ. ಡಿಎನ್ಎ, ಹಿಸ್ಟೋನ್ ಅಥವಾ ಅವೆರಡೂ ಸೇರಿದ ನ್ಯೂಕ್ಲಿಯೋಸೋಮಿನ ವಿರುದ್ಧದ ಪ್ರತಿಕಾಯಗಳು ಹೀಗೆ ಕಾಣುತ್ತವೆ. ಇದು ಲೂಪಸ್ಸಿನಲ್ಲಿ, ಕೆಲವು ಔಷಧಗಳಿಂದ ಬರುವ ಲೂಪಸ್ಸಿನಲ್ಲಿ ಕಂಡುಬರುತ್ತದೆ. ಹಾಗಾಗಿ ವೈದ್ಯರು ಮುಂದೆ ಎರಡೆಳೆಯ ಡಿಎನ್ಎ ವಿರುದ್ಧದ ಪ್ರತಿಕಾಯವನ್ನು ಹುಡುಕುವ ಡಿಎಸ್-ಡಿಎನ್ಎ ಪರೀಕ್ಷೆಯನ್ನು ಬರೆಯುತ್ತಾರೆ.

ಸ ಅವರ ಸ್ಪೆಕಲ್ಡ್ ವಿನ್ಯಾಸದಲ್ಲಿ ಕೋಶಕೇಂದ್ರದೊಳಗೆ ರಾಗಿ ಚೆಲ್ಲಿದಂತೆ ಕಣಕಣವಾದ ಹೊಳಪಿರುತ್ತದೆ, ಆದರೆ ವಿಭಜನೆಯ ಹಂತದ ಕ್ರೋಮೋಸೋಮುಗಳು ಕಪ್ಪಾಗಿಯೇ ಉಳಿಯುತ್ತವೆ. ಕಣ ಸಣ್ಣದಾಗಿದ್ದರೆ, ಕಣ್ಣು ಬಾಯಿ ಒಣಗಿಸುವ ಶೋಗ್ರೆನ್ ಕಾಯಿಲೆಯೊಂದಿಗೆ ನಂಟಿರುವ ಎಸ್‌ಎಸ್‌ಎ, ಎಸ್‌ಎಸ್‌ಬಿ ಪ್ರತಿಕಾಯಗಳನ್ನೂ, ದಪ್ಪನಾಗಿದ್ದರೆ ಲೂಪಸ್ ಹಾಗೂ ಮಿಶ್ರ ಸಂಯೋಜಕ ಅಂಗಾಂಶ ಕಾಯಿಲೆಯ ಎಸ್‌ಎಂ, ಆರ್‌ಎನ್‌ಪಿ ಪ್ರತಿಕಾಯಗಳನ್ನೂ ಯೋಚಿಸುತ್ತಾರೆ. ಇಷ್ಟು ವಿಶಾಲವಾದ ಹೆಸರಿನಿಂದ ಒಂದು ಕಾಯಿಲೆಯನ್ನು ಹೆಸರಿಸಲು ಬರುವುದಿಲ್ಲ. ಅಲ್ಲದೆ ಎಎನ್ಎ ಆರೋಗ್ಯವಂತರಲ್ಲೂ ಇರುತ್ತದೆ. 1997ರಲ್ಲಿ ಪ್ರಕಟವಾದ ಅನೇಕ ದೇಶಗಳ ಪ್ರಯೋಗಾಲಯಗಳ ಅಧ್ಯಯನದಲ್ಲಿ ಆರೋಗ್ಯವಂತರಲ್ಲಿ ಸುಮಾರು 13 ಪ್ರತಿಶತ ಮಂದಿ 1:80ರಲ್ಲಿ ಪಾಸಿಟಿವ್ ಇದ್ದರು, 1:160ರಲ್ಲಿ ಸುಮಾರು 5 ಪ್ರತಿಶತ.

ಸ ಅವರಿಗೆ ಬಿಸಿಲಿಗೆ ಮುಖ ಕೆಂಪಾಗಿ ದದ್ದು ಬರುವುದಾಗಲಿ, ಬಾಯಿಹುಣ್ಣಾಗಲಿ, ಕೀಲು ಊದುವುದಾಗಲಿ, ಕಣ್ಣು ಬಾಯಿ ಒಣಗುವುದಾಗಲಿ ಇರಲಿಲ್ಲ. ರಕ್ತಕಣಗಳ ಎಣಿಕೆ ಮತ್ತು ಮೂತ್ರ ಪರೀಕ್ಷೆ ಸರಿಯಾಗಿದ್ದವು. “ಇನ್ನೊಮ್ಮೆ ಬೇರೆ ಲ್ಯಾಬಿನಲ್ಲಿ ಮಾಡಿಸಲೇ?” ಎಂದು ಅವರು ಕೇಳಿದಾಗ ಬೇಡವೆಂದೆ. ಲ್ಯಾಬು ಬದಲಾದರೆ 1:80 ಇದ್ದದ್ದು 1:160 ಆಗಬಹುದು ಅಥವಾ ನೆಗೆಟಿವ್ ಆಗಬಹುದು, ಆ ಬದಲಾವಣೆಗೆ ಅರ್ಥವಿಲ್ಲ. ಮೇಲೆ ಹೇಳಿದ ಲಕ್ಷಣಗಳಲ್ಲಿ ಯಾವುದಾದರೂ ಮುಂದೆ ಕಾಣಿಸಿಕೊಂಡರೆ, ಮೂತ್ರ ನೊರೆನೊರೆಯಾದರೆ, ಆಗ ವೈದ್ಯರಿಗೆ ತೋರಿಸಬೇಕು. ಮನೆಯವರಿಗೆ ಏನು ಹೇಳಲಿ ಎಂಬುದೇ ಅವರ ಉಳಿದ ಪ್ರಶ್ನೆಯಾಗಿತ್ತು. “ಕಾಯಿಲೆ ಎಂದು ಯಾರೂ ಹೇಳಿಲ್ಲ ಎಂಬುದನ್ನೇ ಹೇಳಿ,” ಎಂದೆ. ಅದೇ ನಿಜವೂ ಹೌದು.

ಕ ಅವರ ವಿಷಯ ಬೇರೆ. ಸೆಂಟ್ರೋಮಿಯರ್ ವಿನ್ಯಾಸದಲ್ಲಿ ಕೋಶಕೇಂದ್ರದೊಳಗೆ ಬಿಡಿಬಿಡಿಯಾದ 40ರಿಂದ 80 ಚುಕ್ಕೆಗಳು ಎಣಿಸುವಷ್ಟು ಸ್ಪಷ್ಟವಾಗಿ ಕಾಣುತ್ತವೆ, ವಿಭಜನೆಯ ಹಂತದಲ್ಲಿ ಅವೇ ಚುಕ್ಕೆಗಳು ಕ್ರೋಮೋಸೋಮುಗಳ ಮೇಲೆ ಸಾಲಾಗಿ ನಿಲ್ಲುತ್ತವೆ. ಅನುಭವಿ ಕಣ್ಣಿಗೆ ಇದು ಬೇರೆ ವಿನ್ಯಾಸಗಳೊಂದಿಗೆ ಗೊಂದಲವಾಗುವುದು ವಿರಳ. ಇದರ ಪ್ರಮುಖ ನಂಟು ಚರ್ಮ ಗಡುಸಾಗುವ ಸಿಸ್ಟಮಿಕ್ ಸ್ಕ್ಲೆರೋಸಿಸ್ಸಿನ ಸೀಮಿತ ರೂಪದೊಂದಿಗೆ. ಪಿತ್ತನಾಳಗಳನ್ನು ಬಾಧಿಸುವ ಯಕೃತ್ತಿನ ಒಂದು ಕಾಯಿಲೆಯಲ್ಲೂ ಶೋಗ್ರೆನ್‌ನಲ್ಲೂ ಕಾಣಬಹುದಾದ್ದರಿಂದ ಯಕೃತ್ತಿನ ಪರೀಕ್ಷೆಯನ್ನೂ ಮಾಡಿಸಿದರು.

ಕ ಅವರ ಮಾತಿನಲ್ಲಿ ‘ಅಷ್ಟೆ’ ಎನಿಸಿಕೊಂಡದ್ದನ್ನು ನಿಧಾನವಾಗಿ ಕೇಳಿದೆ. ಕೊಯ್ಲಿನ ದಿನಗಳಲ್ಲಿ ಬೆಳಿಗ್ಗೆ ಇಬ್ಬನಿ ತೊಟ್ಟಿಕ್ಕುವ ಗಿಡಕ್ಕೆ ಕೈಹಾಕಿದರೆ ಬೆರಳ ತುದಿಗಳು ಸುಣ್ಣದಂತೆ ಬೆಳ್ಳಗಾಗಿ, ಆಮೇಲೆ ನೀಲಿಯಾಗಿ, ಒಲೆಯ ಬಳಿ ಹೋದಾಗ ಕೆಂಪಾಗಿ ಉರಿಯುತ್ತಿದ್ದವು. ಐದಾರು ವರ್ಷಗಳಿಂದ ಹೀಗೆ. ಇದಕ್ಕೆ ರೇನಾಡ್ ಎನ್ನುತ್ತಾರೆ, ಕಾಯಿಲೆಯ ಇತರ ಲಕ್ಷಣಗಳಿಗಿಂತ ವರ್ಷಗಟ್ಟಲೆ ಮೊದಲೇ ಇದು ಬರಬಹುದು. ಉಂಗುರ ಯಾಕೆ ಹಾಕಿಲ್ಲ ಎಂದು ಕೇಳಿದ್ದಕ್ಕೆ, ಹೋದ ವರ್ಷ ಬೆರಳು ದಪ್ಪಗಾಗಿ ಸೋಪು ಹಚ್ಚಿದರೂ ಬಾರದೆ ಕತ್ತರಿಸಿ ತೆಗೆಸಿದ್ದಾಗಿ ಹೇಳಿದರು. ಬೆರಳನ್ನು ಒತ್ತಿದರೆ ಗುಳಿ ಬೀಳುತ್ತಿರಲಿಲ್ಲ.

ಸಿಸ್ಟಮಿಕ್ ಸ್ಕ್ಲೆರೋಸಿಸ್ಸಿನ 2013ರ ವರ್ಗೀಕರಣ ಮಾನದಂಡಗಳಲ್ಲಿ ಈ ಮೂರಕ್ಕೂ ಅಂಕಗಳಿವೆ: ರೇನಾಡ್‌ಗೆ 3, ಸೆಂಟ್ರೋಮಿಯರ್ ಪ್ರತಿಕಾಯಕ್ಕೆ 3, ಊದಿದ ಬೆರಳುಗಳಿಗೆ 2. ಒಟ್ಟು 8 ಆಯಿತು, ಬೇಕಾದದ್ದು 9. ಮಂಗಳೂರಿನ ರುಮಟಾಲಜಿ ತಜ್ಞರು ಉಗುರಿನ ಬುಡಕ್ಕೆ ಒಂದು ಹನಿ ಎಣ್ಣೆ ಹಾಕಿ ದೊಡ್ಡದಾಗಿ ಕಾಣುವಂತೆ ಮಾಡಿ ನೋಡಿದಾಗ ಅಲ್ಲಿನ ಸೂಕ್ಷ್ಮ ರಕ್ತನಾಳಗಳು ಅಸಹಜವಾಗಿ ಹಿಗ್ಗಿರುವುದು ಕಂಡಿತು. ಅದಕ್ಕೆ ಮತ್ತೆ 2 ಸೇರಿ 10 ಆಯಿತು. ರೋಗವನ್ನು ತೀರ್ಮಾನಿಸಿದವರು ಅವರೇ. ಅಂಕಗಳ ಲೆಕ್ಕವನ್ನು ಕ ಅವರಿಗೆ ಕಾಗದದ ಮೇಲೆ ಬರೆದು ತೋರಿಸಿದ್ದು ಮಾತ್ರ ನಾನು, ಏಕೆಂದರೆ ಒಂದೇ ವರದಿಯನ್ನು ಹಿಡಿದು ಕಾಯಿಲೆ ಎಂದರು ಎಂಬ ಅನುಮಾನ ಅವರಲ್ಲಿ ಉಳಿಯಬಾರದಿತ್ತು.

ಅವರಿಗೆ ಕೊಟ್ಟ ಸಲಹೆಯಲ್ಲಿ ಹೆಚ್ಚು ಸಮಯ ಹಿಡಿದದ್ದು ಕೆಲಸದ ಮಾತು. ಬಿಸಿಲು ಏರಿ ಇಬ್ಬನಿ ಆರಿದ ಮೇಲೆ ಗಿಡಕ್ಕೆ ಕೈಹಾಕಬೇಕು, ಉಣ್ಣೆಯ ಕೈಗವಸಿನ ಮೇಲೆ ರಬ್ಬರಿನದು ಹಾಕಿಕೊಳ್ಳಬೇಕು, ಪಾತ್ರೆಗೆ ಬಿಸಿನೀರನ್ನೇ ಬಳಸಬೇಕು, ಕೈಗಷ್ಟೇ ಅಲ್ಲದೆ ಮೈಗೂ ಬೆಚ್ಚನೆಯ ಬಟ್ಟೆ ಬೇಕು. ಕೈ ಊತಕ್ಕೆಂದು ಅಂಗಡಿಯಿಂದ ತಂದು ನುಂಗುತ್ತಿದ್ದ ಮಾತ್ರೆಯ ಖಾಲಿ ಹಾಳೆಯನ್ನು ಅವರು ಚೀಲದಿಂದ ತೆಗೆದಾಗ ಅದು ಸ್ಟೀರಾಯ್ಡ್ ಎಂದು ಗೊತ್ತಾಯಿತು. ಈ ಕಾಯಿಲೆಯಲ್ಲಿ ಹೆಚ್ಚಿನ ಪ್ರಮಾಣದ ಸ್ಟೀರಾಯ್ಡ್ ಮೂತ್ರಪಿಂಡಕ್ಕೆ ಅಪಾಯ ತರಬಲ್ಲದು, ಹಾಗೆಂದು ದಿನವೂ ನುಂಗುತ್ತಿದ್ದವರು ಥಟ್ಟನೆ ನಿಲ್ಲಿಸುವಂತೆಯೂ ಇಲ್ಲ. ಆದ್ದರಿಂದ ಆ ಹಾಳೆಯನ್ನು ಅದೇ ದಿನ ವೈದ್ಯರಿಗೆ ತೋರಿಸಿದೆವು. ಮೂಗು ಕಟ್ಟಿದಾಗ ತೆಗೆದುಕೊಳ್ಳುವ ಶೀತದ ಮಾತ್ರೆಗಳು ರಕ್ತನಾಳಗಳನ್ನು ಇನ್ನಷ್ಟು ಬಿಗಿಗೊಳಿಸಬಹುದಾದ್ದರಿಂದ ಅವನ್ನೂ ಕೇಳದೆ ನುಂಗಬಾರದೆಂದು ತಿಳಿಸಿದೆ.

ತಜ್ಞರು ರಕ್ತನಾಳ ಹಿಗ್ಗಿಸುವ ನಿಫೆಡಿಪಿನ್ ಬರೆದರು. ಹೃದಯದ ಮೊದಲ ಎಕೋ ಮತ್ತು ಶ್ವಾಸಕೋಶದ ಪರೀಕ್ಷೆಗಳು ಸರಿಯಾಗಿವೆ. ಆದರೂ ಸೆಂಟ್ರೋಮಿಯರ್ ಪ್ರತಿಕಾಯ ಇರುವವರಲ್ಲಿ ಶ್ವಾಸಕೋಶದ ರಕ್ತನಾಳಗಳ ಒತ್ತಡ ವರ್ಷಗಳ ನಂತರ ಏರುವ ಸಾಧ್ಯತೆ ಇರುವುದರಿಂದ ಇವೆರಡನ್ನೂ ಪ್ರತಿ ವರ್ಷ ಮಾಡಿಸಬೇಕು, ಎಎನ್ಎಯನ್ನು ಮತ್ತೆ ಮಾಡಿಸುವ ಅಗತ್ಯವಿಲ್ಲ. ಮುಂದಿನ ಎಕೋ ತನಕ ಗಮನಿಸಬೇಕಾದದ್ದನ್ನು ಕ ಅವರ ಡೈರಿಯಲ್ಲಿ ಅವರ ಕೈಯಿಂದಲೇ ಬರೆಸಿದೆ: ಮನೆಯಿಂದ ಮೇಲಿನ ತೋಟಕ್ಕೆ ಹತ್ತುವಾಗ ಮೊದಲಿಗಿಂತ ಹೆಚ್ಚು ಏದುಸಿರು ಬಂದರೆ, ಬೆರಳ ತುದಿಯಲ್ಲಿ ಹುಣ್ಣಾದರೆ, ನುಂಗಿದ್ದು ಎದೆಯಲ್ಲಿ ಸಿಕ್ಕಿಕೊಂಡಂತಾದರೆ, ಮುಂದಿನ ತಾರೀಕಿಗೆ ಕಾಯದೆ ಬರಬೇಕು.